120 × 60 ಸೆಂ.ಮೀ. ತಗಡಿನಲ್ಲಿ 10 ಸೆಂ.ಮೀ. ಬಿಲ್ಲೆ ಎಷ್ಟು ಬರುತ್ತೆ? 72ಕ್ಕಿಂತ ಜಾಸ್ತಿ ಸಾಧ್ಯವಾ?

ಗಣಿತದ_ಅಮ್ಮ
ಮಗಳ ಹೋಂವರ್ಕಿನಲ್ಲಿ ಬಂದ ಲೆಕ್ಕ ಇದು. 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ತಗಡು. ಅದರಿಂದ 10 ಸೆಂ.ಮೀ. ವ್ಯಾಸದ ದುಂಡು ಬಿಲ್ಲೆಗಳನ್ನು ಕತ್ತರಿಸಬೇಕು. ಎಷ್ಟು ಬಿಲ್ಲೆ ಬರುತ್ತವೆ, ಶೇಕಡಾ ಎಷ್ಟು ತಗಡು ವ್ಯರ್ಥ ಆಗುತ್ತದೆ?

ಅವಳು ತಗಡಿನ ವಿಸ್ತೀರ್ಣವನ್ನು ಬಿಲ್ಲೆಯ ವಿಸ್ತೀರ್ಣದಿಂದ ಭಾಗಿಸಿ 91 ಅಂತ ಬರೆದಳು. ಪುಸ್ತಕದ ಹಿಂದೆ ಉತ್ತರ 72, ವ್ಯರ್ಥ 21 3/7%. ಉದ್ದಕ್ಕೆ 12, ಅಗಲಕ್ಕೆ 6 ಅಂತ ಚಿತ್ರ ಬರೆದು ತೋರಿಸಿದೆ. ಒಪ್ಪಿಕೊಂಡಳು. ಆಮೇಲೆ ಆ ಚಿತ್ರವನ್ನೇ ನೋಡುತ್ತಾ, "ಅಮ್ಮಾ, ನಾಲ್ಕು ಬಿಲ್ಲೆ ಮಧ್ಯೆ ಇಷ್ಟು ಜಾಗ ಸುಮ್ನೆ ಖಾಲಿ ಬಿದ್ದಿದೆ. ಮೇಲಿನ ಸಾಲನ್ನು ಅರ್ಧ ಸರಿಸಿ ಸಂದಿಯಲ್ಲಿ ಕೂರಿಸಿದರೆ ಇನ್ನೂ ಬರಲ್ವಾ?" ಅಂದಳು.

ನನಗೆ ಉತ್ತರ ಗೊತ್ತಾಗಲಿಲ್ಲ. 72 ಅನ್ನುವುದೇ ಅತಿ ಹೆಚ್ಚಾ? ಗೊತ್ತಿದ್ದವರು ಹೇಳಿ.

ಜೇನುಗೂಡು
ನಿಮ್ಮ ಮಗಳು ಹೇಳಿದ್ದೇ ಸರಿ. ಜೇನುಹುಳು ಮಾಡುವುದೂ ಅದನ್ನೇ. ಸಾಲುಗಳನ್ನು ನೇರವಾಗಿ ಜೋಡಿಸಿದರೆ 21.46% ಹಾಳು. ಸಂದಿಗೆ ಸರಿಸಿ ಜೋಡಿಸಿದರೆ ಬರೀ 9.31% ಹಾಳು. ಪುಸ್ತಕದ ಉತ್ತರ ತಪ್ಪು. ಸುಮಾರು 83 ಬಿಲ್ಲೆ ಬರಬೇಕು.

ಹೊಸಬ
ಪುಸ್ತಕದಲ್ಲಿ 21 3/7, ನೀವು 21.46 ಅಂತೀರಿ. ಯಾವುದು ಸರಿ?

ಮೇಷ್ಟ್ರು
@ಹೊಸಬ, ಎರಡೂ ಒಂದೇ ಲೆಕ್ಕ. ಪೈ ಅಂದರೆ 22/7 ಅಂತ ಹಿಡಿದರೆ ವ್ಯರ್ಥ ಸರಿಯಾಗಿ 3/14 ಭಾಗ, ಅಂದರೆ 21 3/7%. ಪೈ 3.1416 ಅಂತ ಹಿಡಿದರೆ 21.46%.

ಮೊದಲು ಆ 91ರ ವಿಷಯ ಮುಗಿಸೋಣ. ಈ ತಪ್ಪನ್ನು ಪ್ರತಿ ವರ್ಷ ತರಗತಿಯಲ್ಲಿ ನೋಡುತ್ತೇನೆ. ವಿಸ್ತೀರ್ಣದಿಂದ ವಿಸ್ತೀರ್ಣ ಭಾಗಿಸುವುದು ಹಿಟ್ಟಿಗೋ ಮೇಣಕ್ಕೋ ಸರಿ. ಅವನ್ನು ಮತ್ತೆ ಕಲಸಿ ಲಟ್ಟಿಸಬಹುದು. ತಗಡನ್ನು ಹಾಗೆ ಮಾಡಲು ಆಗುವುದಿಲ್ಲ. ಬಿಲ್ಲೆ ತಗಡಿನ ಒಳಗೆ ಇಡಿಯಾಗಿ ಕೂರಬೇಕು. ಆದ್ದರಿಂದ ಜಾಗ ಎಣಿಸಬೇಕು, ವಿಸ್ತೀರ್ಣ ಅಲ್ಲ.

ಇನ್ನು ಜೇನುಗೂಡು ಅವರ 9.31%. ಸಂಖ್ಯೆ ಸರಿ, ಆದರೆ ಅದು ಕೊನೆಯೇ ಇಲ್ಲದ ತಗಡಿಗೆ. ಸಮ ಗಾತ್ರದ ವೃತ್ತಗಳನ್ನು ಸಮತಲದಲ್ಲಿ ಅದಕ್ಕಿಂತ ಒತ್ತಾಗಿ ಜೋಡಿಸಲು ಆಗುವುದಿಲ್ಲ ಅಂತ 1940ರ ದಶಕದಲ್ಲಿ ಫೆಯೆಶ್ ತೋತ್ ಪೂರ್ತಿಯಾಗಿ ಸಾಧಿಸಿದರು. ಅದರಿಂದ ನಮಗೆ ಸಿಗುವುದು ಒಂದು ಮೇಲಿನ ಮಿತಿ. ಈ ತಗಡಿನಲ್ಲಿ 83ಕ್ಕಿಂತ ಜಾಸ್ತಿ ಎಂದೂ ಬರುವುದಿಲ್ಲ. 83 ಬಂದೇ ಬರುತ್ತವೆ ಅಂತ ಅದರ ಅರ್ಥ ಅಲ್ಲ. ನಮ್ಮ ತಗಡಿಗೆ ನಾಲ್ಕು ಅಂಚುಗಳಿವೆ.

ಎಣಿಸಿ ನೋಡಿ. ಉದ್ದಕ್ಕೆ ಸಾಲು ಹಾಕೋಣ. ಮೊದಲ ಸಾಲಿನಲ್ಲಿ 12 ಬಿಲ್ಲೆ, ಅಂಚಿಂದ ಅಂಚಿಗೆ ತುಂಬಿತು. ಎರಡನೇ ಸಾಲನ್ನು 5 ಸೆಂ.ಮೀ. ಸರಿಸಬೇಕು. ಆಗ ಕೊನೆಯ ಬಿಲ್ಲೆ ಹೊರಗೆ ಹೋಗುತ್ತದೆ, 11 ಮಾತ್ರ ಕೂರುತ್ತವೆ. ಸಾಲಿಂದ ಸಾಲಿಗೆ ದೂರ 10ರ ಬದಲು 8.66 ಆಯಿತು, ನಿಜ. ಆದರೂ 60 ಸೆಂ.ಮೀ.ನಲ್ಲಿ ಆರೇ ಸಾಲು ಹಿಡಿಯುತ್ತವೆ. ಏಳನೆಯದಕ್ಕೆ ಸುಮಾರು 62 ಸೆಂ.ಮೀ. ಬೇಕು. ಹಾಗಾಗಿ 12, 11, 12, 11, 12, 11. ಒಟ್ಟು 69. ನೇರ ಜೋಡಣೆಗಿಂತ ಮೂರು ಕಮ್ಮಿ.

ಜೇನುಗೂಡು
ಇದನ್ನು ನಾನು ಎಣಿಸಿರಲಿಲ್ಲ, ಒಪ್ಪುತ್ತೇನೆ. ಆದರೆ ನೀವು ಸಾಲನ್ನು ಉದ್ದಕ್ಕೆ ಹಾಕಿದ್ದೀರಿ. ಅಗಲಕ್ಕೆ ಹಾಕಿ ನೋಡಿ. ಒಂದು ಸಾಲಿಗೆ 6, ಮುಂದಿನದಕ್ಕೆ 5. 120 ಸೆಂ.ಮೀ. ಉದ್ದದಲ್ಲಿ ಈಗ 12ರ ಬದಲು 13 ಸಾಲು ಹಿಡಿಯುತ್ತವೆ. ಏಳು ಸಾಲಿನಲ್ಲಿ ಆರಾರು, ಆರು ಸಾಲಿನಲ್ಲಿ ಐದೈದು. 42 + 30 = 72.

ಗಣಿತದ_ಅಮ್ಮ
ಅಂದರೆ ಅದೂ 72, ಇದೂ 72. ಹಾಗಾದರೆ ಪುಸ್ತಕದ ಉತ್ತರವೇ ಗೆದ್ದಂತೆ ಅಲ್ವಾ?

ಗುಜರಿ_ಗೆಳೆಯ
ಇದರಲ್ಲಿ ವ್ಯರ್ಥ ಅನ್ನುವುದೇ ಇಲ್ಲ. ಉಳಿದ ಚೂರೆಲ್ಲ ಗುಜರಿಗೆ ಹೋಗುತ್ತದೆ, ಕರಗಿ ಮತ್ತೆ ತಗಡಾಗುತ್ತದೆ. ವ್ಯರ್ಥ ಸೊನ್ನೆ.

ಪ್ರೆಸ್‌ಶಾಪ್
@ಗುಜರಿ_ಗೆಳೆಯ, ಲೋಹ ನಾಶ ಆಗುವುದಿಲ್ಲ, ಅದು ಸರಿ. ಆದರೆ ತಗಡಿನ ರೇಟಿಗೂ ಚೂರಿನ ರೇಟಿಗೂ ಅಜಗಜಾಂತರ. ಕರಗಿಸಿ, ಎರಕ ಹೊಯ್ದು, ಮತ್ತೆ ರೋಲ್ ಮಾಡುವ ಖರ್ಚನ್ನು ಯಾರಾದರೂ ಕೊಡಲೇಬೇಕು. ಕೊಂಡ ತಗಡಿನಲ್ಲಿ ಬಿಲ್ಲೆ ಆಗದೆ ಉಳಿದದ್ದು ಎಷ್ಟು ಅನ್ನುವುದೇ ಇಲ್ಲಿನ ಪ್ರಶ್ನೆ.

ವಾಷರ್
ನನಗೆ ಬೇರೆ ಗೊಂದಲ. 72 ಬಿಲ್ಲೆಯ ವಿಸ್ತೀರ್ಣ 5655 ಚ.ಸೆಂ.ಮೀ. ಉಳಿದದ್ದು 1545. ಭಾಗಿಸಿದರೆ 27.3% ಬಂತು. ನೀವೆಲ್ಲ 21.46 ಅಂತಿದ್ದೀರಿ. ನಾನೆಲ್ಲಿ ತಪ್ಪಿದೆ?

ಮೇಷ್ಟ್ರು
1545ನ್ನು 5655ರಿಂದ ಭಾಗಿಸಿದ್ದೀರಿ. ಅದು ಬಿಲ್ಲೆಗೆ ಹೋಲಿಸಿದರೆ ಎಷ್ಟು ಚೂರು ಅನ್ನುವ ಲೆಕ್ಕ. ಪ್ರಶ್ನೆ ಕೇಳುವುದು ಇಡೀ ತಗಡಿಗೆ ಹೋಲಿಸಿದರೆ ಎಷ್ಟು ಅಂತ. 7200ರಿಂದ ಭಾಗಿಸಿ, 21.46 ಬರುತ್ತದೆ.

ಪ್ರೆಸ್‌ಶಾಪ್
ವಾಷರ್ ಅವರ ಲೆಕ್ಕ ಬೇರೆ ಕಡೆ ಕೆಲಸಕ್ಕೆ ಬರುತ್ತದೆ. ಬಿಲ್ಲೆಯ ತೂಕದ ಮೇಲೆ ಎಷ್ಟು ಜಾಸ್ತಿ ತಗಡು ಕೊಳ್ಳಬೇಕು ಅಂತ ನೋಡುವಾಗ ಆ 27.3%ನ್ನೇ ಸೇರಿಸಬೇಕು. 21.46 ಸೇರಿಸಿದರೆ ತಗಡು ಸಾಲುವುದಿಲ್ಲ. ಎರಡು ಶೇಕಡಾಗಳನ್ನು ಅದಲುಬದಲು ಮಾಡಿ ಆರ್ಡರ್ ಕೊಟ್ಟವರನ್ನು ನೋಡಿದ್ದೇನೆ.

ಸಾಲು_ಸಾಲು
72ಕ್ಕೆ ನಿಲ್ಲಬೇಡಿ. ಜಾಸ್ತಿ ಬರುತ್ತದೆ.

ಜೇನುಗೂಡು ಅವರ ಅಗಲದ ಜೋಡಣೆಯನ್ನು ಮತ್ತೆ ನೋಡಿ. 13 ಸಾಲಿಗೆ 10 + 12 × 8.66 = 113.92 ಸೆಂ.ಮೀ. ಸಾಕು. ಇನ್ನೂ 6.08 ಸೆಂ.ಮೀ. ಮಿಕ್ಕಿದೆ. ಇನ್ನೊಂದು ಸಾಲಿಗೆ ಸಾಲದು. ಆದರೆ ಅದನ್ನು ಸುಮ್ನೆ ಬಿಡುವುದು ಯಾಕೆ?

ಐದರ ಸಾಲುಗಳೇ ನಮಗೆ ನಷ್ಟ ತರುವುದು. ಅವು ಯಾಕೆ ಬೇಕು? ಆರರ ಎರಡು ಸಾಲುಗಳ ನಡುವೆ ಒತ್ತಿ ಕೂತು ಉದ್ದ ಉಳಿಸುವುದಕ್ಕೆ. ಉದ್ದ ಹೇಗೂ ಮಿಕ್ಕಿದ್ದರೆ ಕೆಲವು ಕಡೆ ಆರರ ಪಕ್ಕದಲ್ಲೇ ಆರನ್ನು ನೇರವಾಗಿ ಇಡಬಹುದು. ಹಾಗೆ ಇಟ್ಟ ಪ್ರತಿ ಕಡೆ 1.34 ಸೆಂ.ಮೀ. ಜಾಸ್ತಿ ಹೋಗುತ್ತದೆ. 6.08ರಲ್ಲಿ ನಾಲ್ಕು ಸಲ ಮಾಡಬಹುದು. ಆಗ ಸಾಲುಗಳು ಹೀಗೆ:

```
6 5 6 5 6 5 6 5 6 6 6 6 6
```

ಆರರ ಸಾಲು ಒಂಬತ್ತು, ಐದರ ಸಾಲು ನಾಲ್ಕು. 54 + 20 = 74. ಉದ್ದ 10 + 8 × 8.66 + 4 × 10 = 119.28. ತಗಡು 120. ಕೂರುತ್ತದೆ. ವ್ಯರ್ಥ 19.28%.

ಹೊಸಬ
ಅರ್ಧ ಜೇನುಗೂಡು, ಅರ್ಧ ಚೌಕ. ಇದು ಹೊಳೆದೇ ಇರಲಿಲ್ಲ.

ಜೇನುಗೂಡು
ಚೆನ್ನಾಗಿದೆ! ನಾನೂ ಒಂದು ಪ್ರಯತ್ನ ಮಾಡಿದೆ. ಉದ್ದದ ಸಾಲಿನಲ್ಲಿ ಬಿಲ್ಲೆಗಳನ್ನು ಅಂಟಿಸದೆ ಸ್ವಲ್ಪ ಬಿಡಿಸಿ ಇಡೋಣ. 12ರ ಬದಲು 11, ಒಂದು ಕೇಂದ್ರದಿಂದ ಇನ್ನೊಂದಕ್ಕೆ 11 ಸೆಂ.ಮೀ. ಸಂದಿ ಅಗಲ ಆಯಿತಲ್ಲ, ಮೇಲಿನ ಸಾಲು ಇನ್ನೂ ಆಳಕ್ಕೆ ಇಳಿಯುತ್ತದೆ. ಸಾಲಿಂದ ಸಾಲಿಗೆ 8.35 ಸಾಕು. ಏಳು ಸಾಲು ಹಾಕಿದರೆ 11, 10, 11, 10, 11, 10, 11. ಇದೂ 74! ಉಳಿದ ಜಾಗದಲ್ಲಿ ಇನ್ನೊಂದು ಸಿಕ್ಕರೂ ಸಿಗಬಹುದು.

ಸಾಲು_ಸಾಲು
ಆ 8.35 ಪೂರ್ತಿ 8.35 ಅಲ್ಲ, 8.3516. ಆರು ಪಟ್ಟು ಮಾಡಿ 10 ಕೂಡಿಸಿ. 60.11 ಬರುತ್ತದೆ. ನಿಮ್ಮ ತಗಡು 60. ಒಂದು ಮಿಲಿಮೀಟರಿನಷ್ಟು ಹೊರಗೆ ಹೋಯಿತು.

ಜೇನುಗೂಡು
ಅಯ್ಯೋ, ಒಂದು ಮಿಲಿಮೀಟರ್. ಎರಡು ದಶಾಂಶಕ್ಕೆ ನಿಲ್ಲಿಸಿದ್ದರೂ 60.10 ಬರುತ್ತಿತ್ತು. ಚಿತ್ರ ಬರೆದಾಗ ಸರಿಯಾಗಿ ಕೂತಂತೆ ಕಂಡಿತು, ಅದನ್ನೇ ನಂಬಿಬಿಟ್ಟೆ.

ಗಣಿತದ_ಅಮ್ಮ
ಸಾಲು_ಸಾಲು ಅವರೇ, ನಿಮ್ಮ 74ನ್ನು ನಾವಿಬ್ಬರೂ ಬರೆದು ನೋಡಿದೆವು. 24 × 12 ಸೆಂ.ಮೀ. ಗ್ರಾಫ್ ಹಾಳೆ, ಕೈವಾರದಲ್ಲಿ 2 ಸೆಂ.ಮೀ. ವ್ಯಾಸದ ವೃತ್ತ. ಎಂಟು ಒತ್ತಿದ ಸಾಲು ಮುಗಿಯುವ ಹೊತ್ತಿಗೆ ಅವಳ ಪೆನ್ಸಿಲ್ ಮೊಂಡಾಗಿ ಗೆರೆ ದಪ್ಪ ಆಗಿತ್ತು. ಕೆತ್ತಿಕೊಂಡು ಬಂದು ಮುಂದುವರಿಸಿದಳು. ಹದಿಮೂರನೇ ಸಾಲು ಮುಗಿದಾಗ ಹಾಳೆಯ ಅಂಚಿಗೆ ಒಂದೂವರೆ ಮಿಲಿಮೀಟರಿನಷ್ಟು ಬಿಳಿ ಉಳಿದಿತ್ತು. ಒಂದೊಂದೇ ವೃತ್ತದ ಮೇಲೆ ಟಿಕ್ ಹಾಕಿ ಎಣಿಸಿದಳು. 74.

ನಾಳೆ ತರಗತಿಯಲ್ಲಿ ತೋರಿಸುತ್ತಾಳಂತೆ.

ಮೇಷ್ಟ್ರು
ತೋರಿಸಲಿ. ಪರೀಕ್ಷೆಯಲ್ಲಿ ಮಾತ್ರ 72 ಬರೆಯಲಿ ಅಂತ ಹೇಳಿ. ಅಲ್ಲಿ ಕೇಳುವುದು ನೇರ ಸಾಲಿನ ಜೋಡಣೆಯನ್ನೇ.

ಹೊಸಬ
ಬಿಲ್ಲೆ ಚಿಕ್ಕದಾದರೆ ವ್ಯರ್ಥ ಕಮ್ಮಿ ಆಗುತ್ತಾ? 5 ಸೆಂ.ಮೀ. ಬಿಲ್ಲೆ ಅಂದುಕೊಳ್ಳಿ.

ಮೇಷ್ಟ್ರು
ನೇರ ಸಾಲಿನಲ್ಲಾದರೆ ಒಂದು ಚೂರೂ ಬದಲಾಗುವುದಿಲ್ಲ. 24 × 12 = 288 ಬಿಲ್ಲೆ, ವ್ಯರ್ಥ ಅದೇ 21.46%. ಪ್ರತಿ ಬಿಲ್ಲೆಯೂ ತನ್ನ ಚೌಕದ ನಾಲ್ಕು ಮೂಲೆಗಳನ್ನು ಬಿಡುತ್ತದೆ. ಚೌಕ ಚಿಕ್ಕದಾದರೆ ಮೂಲೆಯೂ ಅದೇ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ. ಮಕ್ಕಳಿಗೆ ಇದನ್ನು ನಂಬಿಸುವುದು ಬಹಳ ಕಷ್ಟ.

ಸಂದಿಗೆ ಕೂರಿಸಿದರೆ ಕಥೆ ಬೇರೆ. ಅಗಲಕ್ಕೆ 12, 11, 12, 11 ಅಂತ 27 ಸಾಲು ಹಿಡಿಯುತ್ತವೆ. 311 ಬಿಲ್ಲೆ, ವ್ಯರ್ಥ 15.2%. ಬಿಲ್ಲೆ ಚಿಕ್ಕದಾದಷ್ಟೂ ಅಂಚಿನ ನಷ್ಟ ಕಮ್ಮಿಯಾಗಿ 9.31ರ ಕಡೆಗೆ ಹೋಗುತ್ತದೆ.

ಪ್ರೆಸ್‌ಶಾಪ್
ಇಷ್ಟು ಹೊತ್ತು ಓದುತ್ತಿದ್ದೆ. ಈಗ ಪ್ರೆಸ್ ಮುಂದೆ ನಿಂತವನ ಕಡೆಯಿಂದ ಹೇಳುತ್ತೇನೆ. ನಿಜವಾದ ತಗಡಿನಲ್ಲಿ 74ಊ ಬರುವುದಿಲ್ಲ, 72ಊ ಬರುವುದಿಲ್ಲ. ನೇರ ಸಾಲಿನಲ್ಲಿ ನಿಮಗೆ ಸಿಗುವುದು 55.

ಯಾಕೆ ಅಂದರೆ ಎರಡು ಬಿಲ್ಲೆ ಒಂದಕ್ಕೊಂದು ತಾಗುವಂತೆ ಪಂಚ್ ಹೊಡೆಯಲು ಆಗುವುದಿಲ್ಲ. ನಡುವೆ ಒಂದು ಪಟ್ಟಿ ಉಳಿಯಲೇಬೇಕು. ಅಂಚಿನಲ್ಲೂ ಬೇಕು. ನಾವು ಸಾಮಾನ್ಯವಾಗಿ ತಗಡಿನ ದಪ್ಪದಷ್ಟಾದರೂ ಬಿಡುತ್ತೇವೆ, ಹೆಚ್ಚಾಗಿ ಅದರ ಒಂದೂವರೆ ಪಟ್ಟು. ಒಂದೂಕಾಲು, ಒಂದೂವರೆ ಮಿ.ಮೀ. ತಗಡಿಗೆ 2 ಮಿ.ಮೀ. ಅಂತ ಇಟ್ಟುಕೊಳ್ಳಿ. ಈಗ ಅಗಲಕ್ಕೆ ಆರು ಬಿಲ್ಲೆ ಬೇಕಾದರೆ 60 ಸೆಂ.ಮೀ. ಬಿಲ್ಲೆಗೇ ಹೋಯಿತು, ಏಳು ಕಡೆ ಪಟ್ಟಿಗೆ ಇನ್ನೂ 1.4 ಬೇಕು. 61.4 ಆಯಿತು. ತಗಡು 60. ಆರನೆಯದು ಹೋಯಿತು. ಉದ್ದಕ್ಕೂ ಹಾಗೇ ಹನ್ನೆರಡನೆಯದು ಹೋಯಿತು. 11 × 5 = 55. ವ್ಯರ್ಥ 40%.

ನಾನು ಕೆಲಸ ಕಲಿಯುತ್ತಿದ್ದ ಜಾಗದಲ್ಲಿ ಇದು ನಿಜವಾಗಿ ನಡೆದಿತ್ತು. 7200 ಬಿಲ್ಲೆಯ ಆರ್ಡರ್. ಕೂತು ಲೆಕ್ಕ ಹಾಕಿದವರು ಒಂದು ತಗಡಿಗೆ 72 ಅಂತ ಹಿಡಿದು 100 ತಗಡು ತರಿಸಿದರು. 55ರ ಲೆಕ್ಕದಲ್ಲಿ ಬೇಕಾಗಿದ್ದು 131. ತಗಡು ಉಳಿಸಲು ಅಂತ ಪಟ್ಟಿಯನ್ನು ಅರ್ಧ ಮಿಲಿಮೀಟರಿಗೆ ಇಳಿಸಿದರು. ಅಗಲಕ್ಕೆ ಆರನೆಯದು ಆಗಲೂ ಬರಲಿಲ್ಲ. ಬಿಲ್ಲೆ ಮಾತ್ರ ಕೆಟ್ಟಿತು.

ಹೊಸಬ
ಕೆಟ್ಟಿತು ಅಂದರೆ ಹೇಗೆ? ನೋಡಿದರೆ ಗೊತ್ತಾಗುತ್ತಾ?

ಪ್ರೆಸ್‌ಶಾಪ್
ಕೈಗೇ ಗೊತ್ತಾಗುತ್ತದೆ. ಪಟ್ಟಿ ತೀರಾ ಸಣ್ಣದಾದರೆ ಪಂಚ್ ಇಳಿಯುವಾಗ ಅದು ತಡೆದು ನಿಲ್ಲುವುದಿಲ್ಲ. ಕತ್ತರಿಸುವ ಬದಲು ಎಳೆದುಕೊಂಡು ಡೈ ಒಳಗೆ ಬಾಗುತ್ತದೆ. ಬಿಲ್ಲೆಯ ಅಂಚನ್ನು ಬೆರಳಿಂದ ಸವರಿ. ಸುತ್ತಲೂ ಒಂದೇ ಥರ ಇದ್ದು, ಪಕ್ಕದ ತೂತಿನ ಕಡೆ ಇದ್ದ ಭಾಗದಲ್ಲಿ ಮಾತ್ರ ಚೂಪಾದ ಬರ್ ತಾಗುತ್ತದೆ. ಫೀಡ್ ಸ್ವಲ್ಪ ಹಿಂದೆ ನಿಂತರೆ ಪಂಚ್ ಹಳೇ ತೂತಿನ ಮೇಲೆ ಬೀಳುತ್ತದೆ. ಬಿಲ್ಲೆಯ ಒಂದು ಪಕ್ಕ ಕಚ್ಚಿದ ಚಂದ್ರನ ಹಾಗೆ ಬರುತ್ತದೆ. ವರ್ನಿಯರ್ ಹಿಡಿದು ಎರಡು ದಿಕ್ಕಿನಲ್ಲಿ ಅಳೆದರೆ ವ್ಯಾಸ ಬೇರೆ ಬೇರೆ ತೋರಿಸುತ್ತದೆ. ಉಳಿದ ಜಾಲರಿಯನ್ನೂ ನೋಡಬೇಕು. ಅದು ಚಪ್ಪಟೆಯಾಗಿ ಹೊರಬರಬೇಕು. ಪಟ್ಟಿಗಳು ತಿರುಚಿಕೊಂಡಿದ್ದರೆ, ಅಲ್ಲಲ್ಲಿ ಹರಿದಿದ್ದರೆ, ಗ್ಯಾಪ್ ಸಾಲದು ಅಂತಲೇ ಅರ್ಥ.

ಲೇಸರ್_ಆಪರೇಟರ್
ಇದೆಲ್ಲ ಪಂಚ್ ಕಾಲದ ತಾಪತ್ರಯ. ಲೇಸರಿನಲ್ಲಿ ಪಟ್ಟಿ ಬೇಕಿಲ್ಲ. ತಾಗಿಸಿಯೇ ಕತ್ತರಿಸಬಹುದು. 74 ಬರುತ್ತದೆ.

ಪ್ರೆಸ್‌ಶಾಪ್
ಲೇಸರ್ ಗೆರೆಗೂ ಅಗಲ ಇದೆ ಅಲ್ವಾ ಸರ್? ತೆಳು ತಗಡಿನಲ್ಲೂ ಮಿಲಿಮೀಟರಿನ ಒಂದು ಪಾಲು ಹೋಗುತ್ತದೆ. ಬಿಲ್ಲೆ ಸರಿಯಾಗಿ 10 ಸೆಂ.ಮೀ. ಬರಬೇಕಾದರೆ ಗೆರೆ ಬಿಲ್ಲೆಯ ಹೊರಗೆ ಓಡಬೇಕು. ಆರು ಬಿಲ್ಲೆಗೆ 60 ಸೆಂ.ಮೀ. ಪೂರ್ತಿ ಬೇಕು, ಗೆರೆಗೆ ಜಾಗ ಎಲ್ಲಿದೆ?

ಲೇಸರ್_ಆಪರೇಟರ್
ಅದು ನಿಜ, ಕರ್ಫ್ ಮರೆತೆ. ತಾಗಿಸಿ ಇಟ್ಟರೆ ಒಂದರ ಗೆರೆ ಇನ್ನೊಂದರ ಅಂಚನ್ನು ಕಚ್ಚುತ್ತದೆ. ಇನ್ನೊಂದು ತೊಂದರೆ ನಾನೇ ಅನುಭವಿಸಿದ್ದೇನೆ. ಬಿಲ್ಲೆಗಳ ನಡುವೆ ಕೂದಲಿನಷ್ಟು ಲೋಹ ಉಳಿದರೆ ಅದು ಕಾದು ಬಾಗಿ ಮೇಲೇಳುತ್ತದೆ. ಹೆಡ್ ಅದಕ್ಕೆ ಹೋಗಿ ಡಿಕ್ಕಿ ಹೊಡೆಯುತ್ತದೆ. ನಾವೂ ಒಂದೆರಡು ಮಿ.ಮೀ. ಬಿಟ್ಟೇ ಬಿಡುತ್ತೇವೆ. ಸಾಮಾನ್ಯವಾಗಿ ತಗಡು ದೊಡ್ಡದಿರುತ್ತದೆ, ಹಾಗಾಗಿ ಇದು ತಲೆಗೆ ಬರಲಿಲ್ಲ.

ಗಣಿತದ_ಅಮ್ಮ
ಹಾಗಾದರೆ ಕಾರ್ಖಾನೆಯಲ್ಲಿ ನಿಜವಾಗಿಯೂ 40% ಚೂರು ಮಾಡುತ್ತಾರಾ? ಕೇಳಿದರೇ ಹೊಟ್ಟೆ ಉರಿಯುತ್ತದೆ.

ಪ್ರೆಸ್‌ಶಾಪ್
ಇಲ್ಲ ಮೇಡಂ. ನಿಮ್ಮ ಮಗಳ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲೇ ಇದೆ.

2 ಮಿ.ಮೀ. ಗ್ಯಾಪ್ ಬಿಟ್ಟಾಗ ಉದ್ದದ ಸಾಲಿನಲ್ಲಿ 11 ಬಿಲ್ಲೆ ಕೂರುತ್ತವೆ ಅಂದೆ. ಆ ಸಾಲು ಮುಗಿದ ಮೇಲೆ ಕೊನೆಯಲ್ಲಿ 7.6 ಸೆಂ.ಮೀ. ಮಿಕ್ಕಿರುತ್ತದೆ. ನೇರವಾಗಿ ಜೋಡಿಸಿದರೆ ಅದು ಹಾಳು. ಈಗ ಎರಡನೇ ಸಾಲನ್ನು ಸರಿಸಿ. ಎಷ್ಟು ಸರಿಸಬೇಕು? ಒಂದು ಬಿಲ್ಲೆ ಮತ್ತು ಒಂದು ಗ್ಯಾಪಿನ ಅರ್ಧ, 5.1 ಸೆಂ.ಮೀ. ಮಿಕ್ಕಿದ್ದ 7.6ರೊಳಗೇ ಅದು ಮುಗಿಯಿತು. ಯಾವ ಬಿಲ್ಲೆಯೂ ಹೊರಗೆ ಬೀಳಲಿಲ್ಲ. ಎರಡನೇ ಸಾಲಿನಲ್ಲೂ 11.

ಮೇಷ್ಟ್ರು ಎಣಿಸಿದಾಗ 12, 11, 12, 11 ಆಗಿ ನಷ್ಟ ಆಗಿದ್ದು ಸಾಲು ಅಂಚಿಂದ ಅಂಚಿಗೆ ತುಂಬಿತ್ತು ಅನ್ನುವ ಕಾರಣಕ್ಕೆ. ಇಲ್ಲಿ ಹಾಗಿಲ್ಲ. ಸಾಲಿನ ಕೊನೆಯಲ್ಲಿ ಅರ್ಧ ಬಿಲ್ಲೆಗಿಂತ ಜಾಸ್ತಿ ಜಾಗ ಮಿಕ್ಕಿದರೆ ಸರಿಸುವುದು ಪುಕ್ಕಟೆ. ಅದಕ್ಕಿಂತ ಕಮ್ಮಿ ಮಿಕ್ಕಿದರೆ ಸಾಲು ಬಿಟ್ಟು ಸಾಲಿಗೆ ಒಂದು ಬಿಲ್ಲೆ ತೆರಬೇಕು. ನಾನು ಯಾವ ತಗಡು ಕೈಗೆ ಬಂದರೂ ಮೊದಲು ಸಾಲಿನ ಕೊನೆ ನೋಡುತ್ತೇನೆ.

ಈಗ ಸಾಲಿಂದ ಸಾಲಿಗೆ 10.2ರ ಬದಲು 8.83. ಅಗಲದಲ್ಲಿ ಐದರ ಬದಲು ಆರು ಸಾಲು ಕೂರುತ್ತವೆ. 11 × 6 = 66. ವ್ಯರ್ಥ 28%. ಆ 7200ರ ಆರ್ಡರಿಗೆ 131 ತಗಡಿನ ಬದಲು 110 ಸಾಕಿತ್ತು.

ಸಾಲು_ಸಾಲು
ಪರೀಕ್ಷಿಸಿದೆ, ಸರಿ ಇದೆ. ಇನ್ನೊಂದು ವಿಷಯ ಕಂಡಿತು. ಗ್ಯಾಪ್ ಕೂದಲಿನಷ್ಟು ಇದ್ದರೂ 66, 1 ಮಿ.ಮೀ. ಇದ್ದರೂ 66, 4 ಮಿ.ಮೀ. ತನಕ ಅದೇ 66. ನನ್ನ 74 ಮತ್ತು ಪುಸ್ತಕದ 72 ಎರಡೂ ಗ್ಯಾಪ್ ಸೊನ್ನೆ ಇದ್ದಾಗ ಮಾತ್ರ ನಿಲ್ಲುತ್ತವೆ. ಸ್ವಲ್ಪ ಗ್ಯಾಪ್ ಬಂದ ತಕ್ಷಣ ಎರಡೂ ಬೀಳುತ್ತವೆ, ಯಾಕೆಂದರೆ ಎರಡರಲ್ಲೂ 60 ಸೆಂ.ಮೀ.ಗೆ ಆರು ಬಿಲ್ಲೆ ಬಿಗಿಯಾಗಿ ಕೂತಿವೆ. ಪುಸ್ತಕದಲ್ಲಿ ಸರಿಯಾಗಿ ಭಾಗವಾಗುವ ಅಳತೆ ಕೊಟ್ಟಿದ್ದರಿಂದಲೇ ನೇರ ಸಾಲು ಅಷ್ಟು ಚೆನ್ನಾಗಿ ಕಂಡಿದ್ದು.

ಜೇನುಗೂಡು
ಹಾಗಾದರೆ ಕೊನೆಗೂ ಜೇನುಹುಳುವೇ ಸರಿ.

ಮೇಷ್ಟ್ರು
ಈ ತಗಡಿಗೆ, ಈ ಗ್ಯಾಪಿಗೆ ಸರಿ. ಯಾವಾಗಲೂ ಅಲ್ಲ. ಗ್ಯಾಪ್ 2 ಮಿ.ಮೀ.ನೇ ಇರಲಿ, ತಗಡು 113 × 52 ಅಂತ ಇಟ್ಟುಕೊಳ್ಳಿ. ಸಾಲಿನ ಕೊನೆಯಲ್ಲಿ ಅರ್ಧ ಸೆಂ.ಮೀ. ಮಾತ್ರ ಮಿಗುತ್ತದೆ. ಸರಿಸಿದರೆ 11, 10, 11, 10, 11. 53 ಬರುತ್ತವೆ. ನೇರವಾಗಿ ಇಟ್ಟರೆ 55.

ವಾಷರ್
ನನ್ನ ಕೆಲಸ ವಾಷರ್ ಮಾಡುವುದು. ನಾವು ಬೇರೆ ಥರ ಯೋಚಿಸುತ್ತೇವೆ. ದೊಡ್ಡ ವಾಷರಿನ ಮಧ್ಯದಿಂದ ಬಿದ್ದ ತುಂಡಿನಲ್ಲೇ ಚಿಕ್ಕ ವಾಷರ್ ಹೊಡೆಯುತ್ತೇವೆ. ಇಲ್ಲೂ ಸಂದಿಗಳನ್ನು ಬಳಸಿಕೊಳ್ಳಬಹುದಲ್ಲ? ನೇರ ಜೋಡಣೆಯಲ್ಲಿ ನಾಲ್ಕು ಬಿಲ್ಲೆ ನಡುವಿನ ಸಂದಿ ದೊಡ್ಡದು. 2 ಮಿ.ಮೀ. ಗ್ಯಾಪ್ ಬಿಟ್ಟೂ ಅದರಲ್ಲಿ 4 ಸೆಂ.ಮೀ. ಬಿಲ್ಲೆ ಕೂರುತ್ತದೆ. 55ರ ಜೋಡಣೆಯಲ್ಲಿ ಅಂಥ ಸಂದಿ 40 ಇವೆ. ಜೇನುಗೂಡಿನ ಮೂರು ಬಿಲ್ಲೆ ನಡುವಿನ ಸಂದಿ ತೀರಾ ಚಿಕ್ಕದು, ಒಂದೂವರೆ ಸೆಂ.ಮೀ. ಬಿಲ್ಲೆಯೂ ಕಷ್ಟ.

ಪ್ರೆಸ್‌ಶಾಪ್
ಒಳ್ಳೆ ಮಾತು. ಆದರೆ ಲೆಕ್ಕ ಹಾಕಿ. 4 ಸೆಂ.ಮೀ. ಬಿಲ್ಲೆ 40 ಅಂದರೆ ತಗಡಿನ 7%. 40%ಯಿಂದ 33%ಗೆ ಇಳಿಯಿತು. 66ರ ಜೋಡಣೆ ಸಣ್ಣ ಬಿಲ್ಲೆ ಇಲ್ಲದೆಯೇ 28%.

ವಾಷರ್
ಅಂಚನ್ನು ಬಿಟ್ಟಿರಿ. 55ರ ಜೋಡಣೆಯಲ್ಲಿ ಉದ್ದಕ್ಕೆ 8.8 ಸೆಂ.ಮೀ. ಅಗಲದ ಪಟ್ಟಿ ಮಿಗುತ್ತದೆ. ಅದರಲ್ಲಿ 4 ಸೆಂ.ಮೀ. ಬಿಲ್ಲೆ ಎರಡು ಸಾಲು, 28 ಮತ್ತು 28. ಇನ್ನೊಂದು ಕೊನೆಯ ಪಟ್ಟಿಯಲ್ಲಿ 12. ಸಂದಿಯ 40 ಸೇರಿಸಿದರೆ ಸಣ್ಣ ಬಿಲ್ಲೆ 108. ಈಗ ವ್ಯರ್ಥ 21.2%.

ಸಾಲು_ಸಾಲು
ನ್ಯಾಯವಾಗಿ ನೋಡಿದರೆ 66ಕ್ಕೂ ಅದೇ ಅವಕಾಶ ಕೊಡಬೇಕು. ಅದರ ಅಂಚಿನಲ್ಲಿ 5.4 ಸೆಂ.ಮೀ. ಪಟ್ಟಿ ಇದೆ. ಸಣ್ಣ ಬಿಲ್ಲೆ ಒಂದು ಸಾಲು, 28. ವ್ಯರ್ಥ 23.1%.

ಅಂದರೆ ಶೇಕಡಾ ಲೆಕ್ಕದಲ್ಲಿ ವಾಷರ್ ಅವರದ್ದು ಎರಡು ಅಂಶ ಮುಂದೆ. ದೊಡ್ಡ ಬಿಲ್ಲೆಯ ಲೆಕ್ಕದಲ್ಲಿ ಹನ್ನೊಂದು ಹಿಂದೆ.

ಪ್ರೆಸ್‌ಶಾಪ್
ನನಗೆ ಆರ್ಡರ್ ಇರುವುದು ದೊಡ್ಡ ಬಿಲ್ಲೆಗೆ. 4 ಸೆಂ.ಮೀ. ಬಿಲ್ಲೆ ಕೇಳುವವರೇ ಇಲ್ಲದಿದ್ದರೆ ಅದೂ ದುಂಡಗಿನ ಚೂರೇ. ಜೊತೆಗೆ ಜಾಲರಿ ಆದ ತಗಡನ್ನು ಇನ್ನೊಂದು ಡೈಗೆ ಹಾಕಿ ಸಂದಿಗೆ ಸರಿಯಾಗಿ ನಿಲ್ಲಿಸುವುದು ಸುಲಭ ಅಲ್ಲ. ಸ್ವಲ್ಪ ಸರಿದರೂ ಸಣ್ಣ ಬಿಲ್ಲೆ ಪಕ್ಕದ ತೂತಿಗೆ ಬೀಳುತ್ತದೆ.

ವಾಷರ್
ಸಣ್ಣದನ್ನು ಮೊದಲು ಹೊಡೆದು ಆಮೇಲೆ ದೊಡ್ಡದನ್ನು ಹೊಡೆಯಿರಿ. ತಗಡು ಗಟ್ಟಿಯಾಗಿ ಇರುವಾಗಲೇ ಸಣ್ಣದು ಮುಗಿಯುತ್ತದೆ. ನಾವು ಹಾಗೇ ಮಾಡುವುದು. ಎರಡೂ ಅಳತೆಗೆ ಗಿರಾಕಿ ಇದ್ದರೆ ನನ್ನ ಜೋಡಣೆಯೇ ಮೇಲು, ಈ ಮಾತು ನಾನು ಬಿಡುವುದಿಲ್ಲ.

ಲೇಸರ್_ಆಪರೇಟರ್
ಲೇಸರಿನಲ್ಲಾದರೆ ಡೈ ಬದಲಿಸುವ ಗೋಜಿಲ್ಲ, ಎರಡನ್ನೂ ಒಂದೇ ಸಲ ಕತ್ತರಿಸಬಹುದು. ಈ ವಿಷಯದಲ್ಲಿ ವಾಷರ್ ಕಡೆ ನಾನು.

ಗುಜರಿ_ಗೆಳೆಯ
ಉಳಿದ ಜಾಲರಿ ನನಗೆ ಬೇಕು. ಬಳ್ಳಿ ಹಬ್ಬಿಸಲು ಬಹಳ ಚೆನ್ನಾಗಿರುತ್ತದೆ. ಅಂಚು ಮಾತ್ರ ಉಜ್ಜಿಕೊಳ್ಳಬೇಕು.

ಹೊಸಬ
ಒಂದು ಪ್ರಶ್ನೆ ಹಾಗೇ ಉಳಿಯಿತು. ಗ್ಯಾಪ್ ಸೊನ್ನೆ ಇದ್ದಾಗ 74 ಬಂತು, ಮಿತಿ 83. ನಡುವೆ 75 ಬರುತ್ತಾ?

ಸಾಲು_ಸಾಲು
ಸಾಲುಗಳಾಗಿ ಇಟ್ಟರೆ ನನಗೆ 74ರ ಮೇಲೆ ಸಿಗಲಿಲ್ಲ. ಸಾಲೇ ಇಲ್ಲದೆ ಓರೆಕೋರೆ ಜೋಡಿಸಿದರೆ ಏನಾಗುತ್ತದೋ ನೋಡಬೇಕು. ಕೆಲವು ಅಳತೆಗಳಲ್ಲಿ ಅಂಥ ಜೋಡಣೆಯೇ ಗೆಲ್ಲುತ್ತದೆ. ಯಾರಾದರೂ 75 ಕೂರಿಸಿದರೆ ಕೇಂದ್ರಗಳ ಅಳತೆ ಸಮೇತ ಹಾಕಿ, ಪರೀಕ್ಷಿಸುತ್ತೇನೆ. ಮೂರು ದಶಾಂಶಕ್ಕೆ ಹಾಕಿ.

ಜೇನುಗೂಡು
ನಾನು ಪ್ರಯತ್ನಿಸುತ್ತಿದ್ದೇನೆ. ಈ ಸಲ ಮೂರು ದಶಾಂಶ.

ಗಣಿತದ_ಅಮ್ಮ
ತರಗತಿಯ ಸುದ್ದಿ ಹೇಳಿಬಿಡುತ್ತೇನೆ. ಹಾಳೆ ತೋರಿಸಿದಳಂತೆ. ಅವಳ ಟೀಚರ್ ಬೋರ್ಡಿನ ಮೇಲೆ ಸ್ಕೇಲ್ ಹಿಡಿದು 13 ಸಾಲನ್ನೂ ಅಳೆದರಂತೆ. ಆಮೇಲೆ ಪಕ್ಕದ ಬೆಂಚಿನ ಹುಡುಗ ಎದ್ದು, "ಕತ್ತರಿ ಹೋಗೋಕೆ ಜಾಗ ಎಲ್ಲಿದೆ?" ಅಂತ ಕೇಳಿದನಂತೆ. ಈಗ ಇಬ್ಬರೂ ಸೇರಿ 66ರ ಚಿತ್ರ ಬರೆಯುತ್ತಿದ್ದಾರೆ. 2 ಮಿ.ಮೀ. ಗ್ಯಾಪನ್ನು ಗ್ರಾಫ್ ಹಾಳೆಯಲ್ಲಿ ಎಷ್ಟಕ್ಕೆ ಇಳಿಸಬೇಕು ಅನ್ನುವುದರ ಮೇಲೆ ಜಗಳ ನಡೆದಿದೆ.